ಸೋಕದೆ ಹೋದ ಕಿರಣದ ಲೆಕ್ಕ

ಹಸಿ ಶುಂಠಿಯ ಒಂದು ಕೊಂಬನ್ನು ಕಿಟಕಿಯ ಪಕ್ಕ ಮೇಜಿನ ಮೇಲಿಟ್ಟು ನೋಡಿದರೆ ಎರಡು ಬಗೆಯ ಮೃದುತನ ಕಾಣುತ್ತದೆ. ಮೊದಲನೆಯದು ಅದರ ಮೈಯದು. ಕೊಂಬಿನಿಂದ ಗೆಣ್ಣು ಕವಲೊಡೆದ ಜಾಗದಲ್ಲಿ ಇದು ಇಲ್ಲಿಗೆ ಮುಗಿಯಿತು, ಅದು ಇಲ್ಲಿಂದ ಶುರುವಾಯಿತು ಎನ್ನುವ ಗೆರೆ ಇರುವುದಿಲ್ಲ, ಒಂದು ಉಬ್ಬು ಇನ್ನೊಂದರೊಳಗೆ ಇಳಿದುಹೋಗಿರುತ್ತದೆ. ಎರಡನೆಯದು ಅದರ ನೆರಳಿನದು. ಕೊಂಬು ಮೇಜಿಗೆ ತಾಗಿದಲ್ಲಿ ನೆರಳಿನ ಅಂಚು ಚೂಪಾಗಿರುತ್ತದೆ, ದೂರ ಸರಿದಂತೆಲ್ಲ ಅಗಲವಾಗಿ ತಿಳಿಯಾಗುತ್ತದೆ. ಕಂಪ್ಯೂಟರ್ ಗ್ರಾಫಿಕ್ಸ್‌ನ ರೂಢಿಯ ದಾರಿಯಲ್ಲಿ ಇವೆರಡೂ ಬೇರೆ ಬೇರೆ ಕೆಲಸಗಳು. ಮೈಯನ್ನು ಸಾವಿರಾರು ತ್ರಿಕೋನಗಳ ಜಾಲವಾಗಿ ಮಾಡೆಲ್ ಮಾಡಬೇಕು. ನೆರಳಿಗೆ ಬೆಳಕಿನ ಕಡೆಯಿಂದ ಇನ್ನೊಂದು ಚಿತ್ರ ತೆಗೆದು, ಅದರ ಅಂಚನ್ನು ಆಮೇಲೆ ಮಸುಕು ಮಾಡಬೇಕು. ಸೈನ್ಡ್ ಡಿಸ್ಟೆನ್ಸ್ ಫೀಲ್ಡ್ ಅಥವಾ ಎಸ್‌ಡಿಎಫ್ ಎಂಬ ದಾರಿ ಹಿಡಿದು ಶೇಡರ್ ಬರೆಯುವವರಿಗೆ ಇವೆರಡೂ ಒಂದೇ ಸಂಖ್ಯೆಯಿಂದ ಸಿಗುತ್ತವೆ. ಆ ಸಂಖ್ಯೆ ಸುಳ್ಳು ಹೇಳದಂತೆ ನೋಡಿಕೊಳ್ಳುವುದರಲ್ಲೇ ಈ ಕಸುಬಿನ ಬಹುಪಾಲು ಇದೆ, ಅದು ಎತ್ತ ಕಡೆ ಸುಳ್ಳು ಹೇಳಿದರೆ ಸಹಿಸಬಹುದು, ಎತ್ತ ಕಡೆ ಹೇಳಿದರೆ ಚಿತ್ರವೇ ಹರಿಯುತ್ತದೆ ಎಂಬುದು ಗೊತ್ತಿದ್ದರೆ ಉಳಿದದ್ದು ತಾನಾಗಿ ಬರುತ್ತದೆ ಎಂಬುದು ಈ ಲೇಖನದ ವಾದ.

ಆ ಸಂಖ್ಯೆ ಯಾವುದೆಂದು ಮೊದಲು ನೋಡೋಣ. ಎಸ್‌ಡಿಎಫ್ ಎಂದರೆ ಒಂದು ಫಂಕ್ಷನ್. ಅದಕ್ಕೆ ಮೂರು ಆಯಾಮದ ಜಾಗದ ಒಂದು ಬಿಂದುವನ್ನು ಕೊಟ್ಟರೆ ಅಲ್ಲಿಂದ ಅತಿ ಹತ್ತಿರದ ಮೇಲ್ಮೈ ಎಷ್ಟು ದೂರದಲ್ಲಿದೆ ಎಂದು ಹೇಳುತ್ತದೆ. ಬಿಂದು ಆಕಾರದ ಹೊರಗಿದ್ದರೆ ಉತ್ತರ ಧನ, ಒಳಗಿದ್ದರೆ ಋಣ, ಮೇಲ್ಮೈ ಮೇಲೆಯೇ ಇದ್ದರೆ ಸೊನ್ನೆ. ಗೋಳದ ಮಟ್ಟಿಗೆ ಇದು ಒಂದು ಸಾಲಿನ ಲೆಕ್ಕ: ಕೇಂದ್ರಕ್ಕಿರುವ ದೂರದಲ್ಲಿ ತ್ರಿಜ್ಯವನ್ನು ಕಳೆದರಾಯಿತು. ಈ ಫಂಕ್ಷನ್ ಮೇಲ್ಮೈ ಎಷ್ಟು ದೂರವಿದೆ ಎನ್ನುತ್ತದೆಯೇ ಹೊರತು ಯಾವ ದಿಕ್ಕಿನಲ್ಲಿದೆ ಎನ್ನುವುದಿಲ್ಲ. ಕತ್ತಲೆ ಕೋಣೆಯಲ್ಲಿ ನಡೆಯುವವನಿಗೆ ಯಾರೋ ಒಬ್ಬರು ಪ್ರತಿ ಹೆಜ್ಜೆಗೂ ‘ನಿನ್ನ ಸುತ್ತ ಮೂರು ಅಡಿಯೊಳಗೆ ಏನೂ ಇಲ್ಲ’ ಎಂದಷ್ಟೇ ಹೇಳಿದ ಹಾಗೆ. ದಿಕ್ಕು ಗೊತ್ತಿಲ್ಲದಿದ್ದರೂ ಆ ಮೂರು ಅಡಿಯನ್ನು ಯಾವ ಕಡೆಗಾದರೂ ಧೈರ್ಯವಾಗಿ ನಡೆಯಬಹುದು. ರೇ ಮಾರ್ಚಿಂಗ್ ಇದನ್ನೇ ಮಾಡುತ್ತದೆ. ಪರದೆಯ ಪ್ರತಿ ಪಿಕ್ಸೆಲ್‌ನಿಂದ ಒಂದು ಕಿರಣ ಹೊರಡುತ್ತದೆ, ನಿಂತ ಜಾಗದಲ್ಲಿ ದೂರ ಕೇಳುತ್ತದೆ, ಅಷ್ಟೇ ಮುಂದೆ ಹೋಗುತ್ತದೆ, ಮತ್ತೆ ಕೇಳುತ್ತದೆ. ಉತ್ತರ ಸೊನ್ನೆಗೆ ತೀರ ಹತ್ತಿರ ಬಂದಾಗ ಮೇಲ್ಮೈ ಸಿಕ್ಕಿತು ಎಂದರ್ಥ. ಜಾನ್ ಹಾರ್ಟ್, ಡೇನಿಯಲ್ ಸ್ಯಾಂಡಿನ್ ಮತ್ತು ಲೂಯಿ ಕೌಫ್‌ಮನ್ 1989ರಲ್ಲಿ ಫ್ರ್ಯಾಕ್ಟಲ್‌ಗಳನ್ನು ಚಿತ್ರಿಸಲು ಇಂಥದೊಂದು ಉಪಾಯ ಬಳಸಿದ್ದರು. 1996ರಲ್ಲಿ ಹಾರ್ಟ್ ಅದಕ್ಕೆ ಸ್ಫಿಯರ್ ಟ್ರೇಸಿಂಗ್ ಎಂಬ ಹೆಸರಿನಲ್ಲಿ ಪೂರ್ಣ ಗಣಿತ ಒದಗಿಸಿದರು. ಡೆಮೊ ಸೀನ್ ಕಲಾವಿದ ಇನಿಗೊ ಕೀಲೆಜ್ 2008ರಲ್ಲಿ ಇದನ್ನು ಜಿಪಿಯು ಮೇಲೆ 4096 ಬೈಟ್‌ಗಳ ಪ್ರೋಗ್ರಾಮಿನೊಳಗೆ ಹಿಡಿಸುವುದು ಹೇಗೆಂದು ವಿವರಿಸಿದ ಮೇಲೆ, 2013ರಲ್ಲಿ ಶೇಡರ್‌ಟಾಯ್ ಬಂದ ಮೇಲೆ, ವಿಧಾನ ಎಲ್ಲರ ಕೈಗೂ ಸಿಕ್ಕಿತು.

ಈಗ ಒಂದು ಕಿರಣದ ಜೊತೆ ನಡೆದು ನೋಡೋಣ. ಮೂಲಬಿಂದುವಿನಲ್ಲಿ 1 ಏಕಮಾನ ತ್ರಿಜ್ಯದ ಗೋಳವಿದೆ. ಕಿರಣ ನಾಲ್ಕು ಏಕಮಾನ ಹಿಂದಿನಿಂದ, ಗೋಳದ ನೆತ್ತಿಗಿಂತ 0.1 ಮೇಲೆ, ನೆಟ್ಟಗೆ ಹೋಗುತ್ತಿದೆ. ಅಂದರೆ ಅದು ಗೋಳವನ್ನು ತಾಗುವುದಿಲ್ಲ, ಸವರಿಕೊಂಡು ಹೋಗುತ್ತದೆ. ಮೊದಲ ಹೆಜ್ಜೆ ಭರ್ಜರಿಯಾದದ್ದು, 3.15. ಎರಡನೆಯದು 0.39, ಮೂರನೆಯದು 0.19, ಆಮೇಲೆ 0.13, 0.11, 0.10. ನೆತ್ತಿ ದಾಟಿದ ಮೇಲೆ ಮತ್ತೆ 0.10, 0.11, 0.14, 0.18 ಎಂದು ಬೆಳೆಯುತ್ತಾ ಹೋಗುತ್ತದೆ. ಗೋಳದ ನಡುವಿಗೇ ಗುರಿಯಿಟ್ಟ ಕಿರಣ ಒಂದೇ ಹೆಜ್ಜೆಯಲ್ಲಿ ಕೆಲಸ ಮುಗಿಸಿದರೆ, ಏನನ್ನೂ ತಾಗದ ಈ ಕಿರಣ ಹತ್ತಾರು ಹೆಜ್ಜೆ ತಿನ್ನುತ್ತದೆ. ಹೊಸದಾಗಿ ಶೇಡರ್ ಬರೆಯುವವರಿಗೆ ಇದು ಬರೀ ದಂಡವಾಗಿ ಕಾಣುತ್ತದೆ. ಆಕಾರಗಳ ಅಂಚಿನ ಸುತ್ತ ಜಿಪಿಯುವಿನ ಸಮಯವೆಲ್ಲ ಹೀಗೇ ಸೋರಿಹೋಗುತ್ತದೆ ಎಂಬುದೂ ನಿಜ. ಆದರೆ ಆ ಪುಟ್ಟ ಹೆಜ್ಜೆಗಳಲ್ಲಿ ಒಂದು ಮಾಹಿತಿ ಇದೆ: ಕಿರಣ ಗೋಳದಿಂದ ಎಷ್ಟು ಅಂತರದಲ್ಲಿ ತಪ್ಪಿಸಿಕೊಂಡಿತು ಎಂಬುದು. ತ್ರಿಕೋನಕ್ಕೆ ಕಿರಣ ಬಿಡುವ ವಿಧಾನದಲ್ಲಿ ಈ ಮಾಹಿತಿ ಹುಟ್ಟುವುದೇ ಇಲ್ಲ, ಅಲ್ಲಿ ಉತ್ತರ ತಾಗಿತು ಅಥವಾ ತಾಗಲಿಲ್ಲ, ಎರಡೇ.

ನೆರಳಿಗೆ ಬೇಕಾದದ್ದು ಈ ಮಾಹಿತಿಯೇ. ಮೇಜಿನ ಮೇಲಿನ ಒಂದು ಬಿಂದು ನೆರಳಿನಲ್ಲಿದೆಯೇ ಎಂದು ತಿಳಿಯಲು ಅಲ್ಲಿಂದ ಬೆಳಕಿನ ಕಡೆಗೆ ಇನ್ನೊಂದು ಕಿರಣ ಬಿಡುತ್ತೇವೆ. ಬೆಳಕು ಬರೀ ಚುಕ್ಕೆಯಾಗಿದ್ದರೆ ತಾಗಿದ್ದು ಕತ್ತಲೆ, ತಾಗದ್ದು ಬೆಳಕು, ನೆರಳಿನ ಅಂಚು ಕತ್ತರಿಸಿದ ಹಾಗೆ. ನಿಜವಾದ ಬೆಳಕಿಗೆ ಅಗಲವಿದೆ, ಬಿಂದುವಿನಿಂದ ನೋಡಿದರೆ ಅದೊಂದು ತಟ್ಟೆ. ಅಡ್ಡ ಬಂದ ವಸ್ತು ಆ ತಟ್ಟೆಯ ಎಷ್ಟು ಭಾಗವನ್ನು ಮುಚ್ಚಿದೆ ಎಂಬುದರ ಮೇಲೆ ಅರೆನೆರಳಿನ ಬಣ್ಣ ನಿಲ್ಲುತ್ತದೆ. ಕಿರಣ ತಟ್ಟೆಯ ನಟ್ಟನಡುವಿಗೆ ಹೋಗುತ್ತಿದೆ. ದಾರಿಯಲ್ಲಿ `t` ದೂರದಲ್ಲಿ ವಸ್ತುವೊಂದು `h` ಅಂತರದಲ್ಲಿ ಸವರಿಹೋಯಿತು ಎನ್ನೋಣ. ಹಾಗಾದರೆ ಬಿಂದುವಿನಿಂದ ನೋಡುವವರಿಗೆ ಆ ವಸ್ತುವಿನ ಅಂಚು ತಟ್ಟೆಯ ನಡುವಿನಿಂದ ಸುಮಾರು `h/t` ಕೋನದಷ್ಟು ಆಚೆ ಕಾಣುತ್ತದೆ. ಇಡೀ ದಾರಿಯಲ್ಲಿ ಈ ಅನುಪಾತದ ಅತಿ ಚಿಕ್ಕ ಬೆಲೆಯನ್ನು ಹಿಡಿದಿಟ್ಟುಕೊಂಡು, ಬೆಳಕಿನ ಗಾತ್ರವನ್ನು ಸೂಚಿಸುವ `k` ಎಂಬ ಸಂಖ್ಯೆಯಿಂದ ಗುಣಿಸಿದರೆ ನೆರಳಿನ ಬೆಲೆ ಸಿಕ್ಕಿತು. ಕೀಲೆಜ್ ಜನಪ್ರಿಯಗೊಳಿಸಿದ ಈ ಉಪಾಯ ಪೂರ್ತಿಯಾಗಿ ಇಷ್ಟೇ:

```glsl
float shadow(vec3 ro, vec3 rd, float k) {
    float res = 1.0, t = 0.02;
    for (int i = 0; i < 64 && t < 6.0; i++) {
        float h = map(ro + rd * t);
        if (h < 0.001) return 0.0;
        res = min(res, k * h / t);
        t += h;
    }
    return res;
}
```

ಮೇಲಿನ ಗೋಳದ ಕಿರಣವನ್ನೇ ಈಗ ನೆರಳಿನ ಕಿರಣ ಎಂದು ಓದೋಣ. ನೆತ್ತಿಯ ಬಳಿ `t` ಸುಮಾರು 4, `h` ಸುಮಾರು 0.1, ಅನುಪಾತ 0.025. `k` 8 ಆಗಿದ್ದರೆ ಆ ಬಿಂದುವಿಗೆ ಬೆಳಕಿನ ಐದನೇ ಒಂದು ಭಾಗ ಸಿಗುತ್ತದೆ. `k` 32 ಆಗಿದ್ದರೆ ಐದರಲ್ಲಿ ನಾಲ್ಕು ಭಾಗ. 8 ಎಂದರೆ ದೊಡ್ಡ ಕಿಟಕಿಯಂಥ ಬೆಳಕು, 32 ಎಂದರೆ ಅದರ ಕಾಲುಭಾಗ ಅಗಲದ್ದು. ಇದೇ 0.1ರ ಅಂತರ `t` ಬರೀ 0.5 ಇದ್ದಾಗ ಬಂದಿದ್ದರೆ ಅನುಪಾತ 0.2 ಆಗುತ್ತಿತ್ತು, ಎರಡೂ ಬೆಳಕಿನಲ್ಲಿ ಆ ಬಿಂದು ಪೂರ್ತಿ ಬೆಳಗಿರುತ್ತಿತ್ತು. ವಸ್ತು ನೆಲಕ್ಕೆ ಹತ್ತಿರವಿದ್ದಲ್ಲಿ ಅಂಚು ಚೂಪಾಗಿ, ದೂರವಿದ್ದಲ್ಲಿ ಅಗಲವಾಗಿ ಬರುವುದಕ್ಕೆ ಬೇರೆ ಏರ್ಪಾಡೇನೂ ಬೇಡ, `t`ಯಿಂದ ಭಾಗಿಸಿದ್ದೇ ಆ ಕೆಲಸ ಮಾಡಿತು. ಹೆಚ್ಚುವರಿ ಕಿರಣವಿಲ್ಲ, ಆಮೇಲೆ ಮಸುಕು ಮಾಡುವ ಹಂತವಿಲ್ಲ. ಹೇಗೂ ಹೆಜ್ಜೆ ಹಾಕಲು ಕೇಳಿದ್ದ ದೂರವನ್ನೇ ಎಸೆಯದೆ ಇಟ್ಟುಕೊಂಡದ್ದಷ್ಟೇ.

ಇಲ್ಲಿಗೆ ಮೊದಲ ಆಕ್ಷೇಪ ಬರುತ್ತದೆ. ಕಿರಣ ನಿಂತು ನಿಂತು ದೂರ ಕೇಳುತ್ತದೆ, ಎರಡು ನಿಲುಗಡೆಗಳ ನಡುವೆ ಅತಿ ಹತ್ತಿರದ ಬಿಂದು ಇದ್ದರೆ ಅದು ಲೆಕ್ಕಕ್ಕೇ ಬರುವುದಿಲ್ಲವಲ್ಲ? ನಿಜ. ಅಕ್ಕಪಕ್ಕದ ಪಿಕ್ಸೆಲ್‌ಗಳ ಕಿರಣಗಳು ಬೇರೆ ಬೇರೆ ಜಾಗದಲ್ಲಿ ನಿಲ್ಲುವುದರಿಂದ ಈ ತಪ್ಪು ನೆರಳಿನಲ್ಲಿ ಪಟ್ಟೆಗಳಾಗಿ ಎದ್ದು ಕಾಣುತ್ತದೆ. ಆದರೆ ತಪ್ಪು ಎಷ್ಟು ಎಂದು ಅಳೆದರೆ ಕುತೂಹಲದ ಸಂಗತಿ ಹೊರಬರುತ್ತದೆ. ಪೆಟ್ಟಿಗೆಯ ಚೂಪು ಮೂಲೆಯನ್ನು ಸವರಿಹೋಗುವ ಕಿರಣವನ್ನು ತೆಗೆದುಕೊಳ್ಳಿ. ಎರಡು ನಿಲುಗಡೆಗಳು ಮೂಲೆಯ ಆಚೆ ಈಚೆ ಸಮನಾಗಿ ಬೀಳುವ ಅತಿ ಕೆಟ್ಟ ಸಂದರ್ಭದಲ್ಲಿ, ಅಳೆದ ದೂರ ನಿಜವಾದ ಕನಿಷ್ಠ ದೂರಕ್ಕಿಂತ ಸುಮಾರು 15 ಶೇಕಡಾ ಹೆಚ್ಚು ಬರುತ್ತದೆ. ಅದೇ 1 ತ್ರಿಜ್ಯದ ಗೋಳವನ್ನು 0.1 ಅಂತರದಲ್ಲಿ ಸವರುವ ಕಿರಣಕ್ಕೆ ಅತಿ ಕೆಟ್ಟ ತಪ್ಪು ಒಂದು ಶೇಕಡಾದ ಆಸುಪಾಸು. ಕಾರಣ ಸರಳ. ಉಬ್ಬಿದ ಮೈಯ ಮೇಲೆ ಹಾದುಹೋಗುವಾಗ ದೂರ ನಿಧಾನವಾಗಿ ಬದಲಾಗುತ್ತದೆ, ಒಂದು ನಿಲುಗಡೆ ತಪ್ಪಿದರೂ ಪಕ್ಕದ್ದು ಹೆಚ್ಚುಕಡಿಮೆ ಅದೇ ಉತ್ತರ ಕೊಡುತ್ತದೆ. ಚೂಪು ಮೂಲೆಯಲ್ಲಿ ದೂರ ಸರ್ರನೆ ಏರುತ್ತದೆ. ಹಾಗಾಗಿ ಈ ನೆರಳಿನ ಉಪಾಯಕ್ಕೂ ಶುಂಠಿ, ಬಸವನಹುಳು, ಮನುಷ್ಯನ ಮುಖದಂಥ ದುಂಡು ಆಕಾರಗಳಿಗೂ ಇರುವ ನಂಟು ಆಕಸ್ಮಿಕವಲ್ಲ. ಮೈ ಮೃದುವಾಗಿದ್ದಷ್ಟೂ ನೆರಳು ಸ್ವಚ್ಛ. ಮೂಲೆಗಳಿರುವ ದೃಶ್ಯಕ್ಕೂ ಮದ್ದಿದೆ. ಕ್ಲೇಬುಕ್ ಆಟದ ಸೆಬಾಸ್ಟಿಯನ್ ಆಲ್ಟೊನೆನ್ 2018ರಲ್ಲಿ ತೋರಿಸಿದಂತೆ, ಹಿಂದಿನ ನಿಲುಗಡೆಯ ದೂರವನ್ನೂ ಈಗಿನದನ್ನೂ ಒಟ್ಟಿಗೆ ಬಳಸಿ ನಡುವಿನ ಅತಿ ಹತ್ತಿರದ ಬಿಂದುವನ್ನು ಅಂದಾಜು ಮಾಡಬಹುದು, ಪಟ್ಟೆಗಳು ಬಹುಮಟ್ಟಿಗೆ ಮಾಯವಾಗುತ್ತವೆ.

ಇನ್ನು ಮೈಯ ಮೃದುತನ. ಎರಡು ಆಕಾರಗಳನ್ನು ಸುಮ್ಮನೆ ಕೂಡಿಸಲು ಎರಡರ ದೂರಗಳಲ್ಲಿ ಚಿಕ್ಕದನ್ನು ತೆಗೆದುಕೊಂಡರೆ ಸಾಕು, ಆದರೆ ಸೇರಿದಲ್ಲಿ ಮಡಿಕೆಯ ಗೆರೆ ಉಳಿಯುತ್ತದೆ. ಆ ಗೆರೆಯನ್ನು ತುಂಬುವುದು ಸ್ಮೂತ್ ಮಿನಿಮಮ್, ಶೇಡರ್ ಬರೆಯುವವರ ಬಾಯಲ್ಲಿ `smin`. ಎರಡು ದೂರಗಳು ಹತ್ತಿರ ಹತ್ತಿರ ಇದ್ದಾಗ ಮಾತ್ರ ಅದು ಉತ್ತರವನ್ನು ಇನ್ನೊಂಚೂರು ಕಡಿಮೆ ಮಾಡುತ್ತದೆ, ಅಂದರೆ ಆ ಜಾಗದಲ್ಲಿ ಮೇಲ್ಮೈಯನ್ನು ಹೊರಗೆ ಉಬ್ಬಿಸುತ್ತದೆ. ಶುಂಠಿಗೆ ಒಂದು ಕೊಂಬು, ಎರಡು ಗೆಣ್ಣು ಸಾಕು:

```glsl
float smin(float a, float b, float k) {
    float h = max(k - abs(a - b), 0.0) / k;
    return min(a, b) - h * h * k * 0.25;
}

float map(vec3 p) {
    float d = capsule(p, vec3(-0.9, 0.30, 0.0),
                         vec3( 0.8, 0.30, 0.1), 0.32);
    d = smin(d, length(p - vec3(-0.4, 0.75, 0.1)) - 0.26, 0.2);
    d = smin(d, length(p - vec3( 0.5, 0.24, 0.55)) - 0.24, 0.2);
    return min(d, p.y);
}
```

ಇಲ್ಲಿ `capsule` ಎಂದರೆ ಎರಡು ಬಿಂದುಗಳ ನಡುವಿನ ಗೆರೆಗಿರುವ ದೂರದಲ್ಲಿ ತ್ರಿಜ್ಯ ಕಳೆದದ್ದು, ಎರಡು ತುದಿಯೂ ದುಂಡಾದ ಕೋಲು. ಗೆಣ್ಣುಗಳು ಕೊಂಬಿಗೆ 0.2ರ ಬೆಸುಗೆಯಲ್ಲಿ ಸೇರಿವೆ. ಎರಡು ದೂರಗಳು ಸಮವಾದ ಕಡೆ ಉತ್ತರ ಅದರ ಕಾಲುಭಾಗ, 0.05ರಷ್ಟು ಇಳಿಯುತ್ತದೆ. ನೆಲವನ್ನು ಮಾತ್ರ ಬೇಕೆಂದೇ ಬರಿಯ `min`ನಿಂದ ಸೇರಿಸಿದೆ. ಅಲ್ಲೂ `smin` ಹಾಕಿದರೆ ಶುಂಠಿ ನೆಲದ ಮೇಲೆ ಕೂರುವುದಿಲ್ಲ, ಬಿಸಿಗೆ ಕರಗಿದ ಮೇಣದಂತೆ ನೆಲಕ್ಕೆ ಅಂಟುತ್ತದೆ. ಯಾವುದು ಬೆಳೆದು ಕೂಡಿಕೊಂಡದ್ದು, ಯಾವುದು ಬರೀ ತಾಗಿ ನಿಂತದ್ದು ಎಂಬ ಭೇದವನ್ನು ಬರೆಯುವವರು ಇಲ್ಲಿಯೇ ತೀರ್ಮಾನಿಸಬೇಕು. ಬೆಸುಗೆಯ ಸಂಖ್ಯೆಯನ್ನು ಎಲ್ಲೆಡೆ ಒಂದೇ ಇಟ್ಟರೆ ಆಕಾರ ಜೇಡಿಮಣ್ಣಿನ ಮುದ್ದೆಯಂತಾಗುತ್ತದೆ. ಬೆರಳ ಬುಡಕ್ಕೂ ಭುಜಕ್ಕೂ ಒಂದೇ ಬೆಸುಗೆ ಸಲ್ಲುವುದಿಲ್ಲ.

ಈಗ ಗಂಭೀರವಾದ ಆಕ್ಷೇಪ. `smin` ಕೊಡುವ ಸಂಖ್ಯೆ ನಿಜವಾದ ದೂರವೇ ಅಲ್ಲ. ಉತ್ತರವನ್ನು ನಾವೇ ತಿದ್ದಿದ್ದೇವೆ. ದೂರವೇ ಸುಳ್ಳಾದ ಮೇಲೆ ಅದನ್ನು ನಂಬಿ ಹೆಜ್ಜೆಯಿಡುವುದಾಗಲಿ ನೆರಳು ಅಳೆಯುವುದಾಗಲಿ ಹೇಗೆ? ಇದಕ್ಕೆ ಉತ್ತರ ಸುಳ್ಳಿನ ದಿಕ್ಕಿನಲ್ಲಿದೆ. ಮೇಲ್ಮೈ ನಿಜವಾಗಿ 0.5 ದೂರದಲ್ಲಿದ್ದು ಫಂಕ್ಷನ್ 0.4 ಎಂದರೆ ಕಿರಣ ಸ್ವಲ್ಪ ಹಿಂದೆಯೇ ನಿಂತು ಮತ್ತೊಮ್ಮೆ ಕೇಳುತ್ತದೆ, ಸಮಯ ವ್ಯರ್ಥವಾಯಿತೇ ಹೊರತು ಚಿತ್ರ ಕೆಡಲಿಲ್ಲ. 0.6 ಎಂದರೆ ಕಿರಣ ಮೇಲ್ಮೈಯನ್ನು ತೂರಿ ಒಳಗೆ ಹೋಗುತ್ತದೆ. ಕಡಿಮೆ ಹೇಳಬಹುದು, ಹೆಚ್ಚು ಹೇಳಬಾರದು. ಇದನ್ನು ಖಾತ್ರಿ ಮಾಡುವ ಗಣಿತದ ಷರತ್ತು ಒಂದೇ: ಬಿಂದು ಒಂದು ಏಕಮಾನ ಸರಿದಾಗ ಫಂಕ್ಷನ್‌ನ ಬೆಲೆ ಒಂದು ಏಕಮಾನಕ್ಕಿಂತ ಹೆಚ್ಚು ಬದಲಾಗಕೂಡದು, ಅಂದರೆ ಅದರ ಇಳಿಜಾರು 1ನ್ನು ಮೀರಕೂಡದು. ಹಾರ್ಟ್ 1996ರಲ್ಲಿ ಲಿಪ್‌ಷಿಟ್ಸ್ ಷರತ್ತು ಎಂದು ಇದನ್ನೇ ಮುಂದಿಟ್ಟರು. `smin`ನ ಇಳಿಜಾರು ಎರಡು ಮೂಲ ಆಕಾರಗಳ ಇಳಿಜಾರುಗಳ ನಡುವಿನ ಸರಾಸರಿ. ಒಂದಕ್ಕೆ ಹೆಚ್ಚು ತೂಕ, ಇನ್ನೊಂದಕ್ಕೆ ಕಡಿಮೆ, ಒಟ್ಟು ತೂಕ ಒಂದು. ಉದ್ದ 1 ಇರುವ ಎರಡು ಬಾಣಗಳ ಇಂಥ ಸರಾಸರಿ 1ಕ್ಕಿಂತ ಉದ್ದವಾಗಲು ಸಾಧ್ಯವಿಲ್ಲ. ಆದ್ದರಿಂದ `smin` ಸುಳ್ಳು ಹೇಳಿದರೂ ಕಡಿಮೆಯ ಕಡೆಗೇ ಹೇಳುತ್ತದೆ. ಮೃದುವಾದ ಬೆಸುಗೆ ಈ ವಿಧಾನಕ್ಕೆ ಹೊರಗಿನಿಂದ ತಂದು ಅಂಟಿಸಿದ್ದಲ್ಲ, ವಿಧಾನದ ಕಟ್ಟಳೆಯೊಳಗೇ ಅದಕ್ಕೆ ಜಾಗವಿದೆ.

ಆದರೂ ನೆರಳಿನ ಮೇಲೆ ಪರಿಣಾಮ ಇಲ್ಲವೆಂದಲ್ಲ. ಕೊಂಬಿಗೂ ಗೆಣ್ಣಿಗೂ ಸಮ ದೂರದಲ್ಲಿ, ಎರಡರಿಂದಲೂ 0.2 ಆಚೆ ಒಂದು ನೆರಳಿನ ಕಿರಣ ಹಾದುಹೋಗುತ್ತಿದೆ, `t` 2 ಇದೆ, `k` 8 ಇದೆ ಎನ್ನೋಣ. ತಿದ್ದದ ದೂರದಲ್ಲಿ ಬೆಳಕು 80 ಶೇಕಡಾ. `smin` ಹೇಳುವ 0.15ರಲ್ಲಿ 60 ಶೇಕಡಾ. ಬೆಸುಗೆಯ ಉಬ್ಬು ನಿಜಕ್ಕೂ ಅಲ್ಲಿರುವುದರಿಂದ ಸರಿಯಾದ ಉತ್ತರ ಇವೆರಡರ ನಡುವೆ ಎಲ್ಲೋ ಇದೆ. ಚಿತ್ರದಲ್ಲಿ ಇದು ಕವಲಿನ ನೆರಳು ತುಸು ದಪ್ಪವಾಗಿ ಬೀಳುವುದಾಗಿ ಕಾಣುತ್ತದೆ. ಇದನ್ನು ಒಪ್ಪಿಕೊಳ್ಳಬಹುದು ಎಂದೇ ನನ್ನ ಅಭಿಪ್ರಾಯ. ಕಣ್ಣು ಅರೆನೆರಳಿನ ದಪ್ಪವನ್ನು ಅಷ್ಟು ಖಚಿತವಾಗಿ ಅಳೆಯುವುದಿಲ್ಲ, ಆದರೆ ನೆರಳಿನಲ್ಲಿ ಬಿದ್ದ ತೂತನ್ನು ಕ್ಷಣದಲ್ಲಿ ಹಿಡಿಯುತ್ತದೆ.

ತೂತು ಬೀಳುವುದು ಹೆಚ್ಚಿನ ಕಡೆಗೆ ಸುಳ್ಳು ಹೇಳಿದಾಗ, ಅದು ಶುರುವಾಗುವುದು ಸಾಮಾನ್ಯವಾಗಿ ಸಿಪ್ಪೆಯ ಒರಟು ತರಲು ಹೋದಾಗ. ಶುಂಠಿಯ ಮೈಗೆ ಸಣ್ಣ ಉಬ್ಬುತಗ್ಗು ಬೇಕೆಂದು ದೂರಕ್ಕೆ `0.03*sin(20.0*p.x)*sin(20.0*p.y)*sin(20.0*p.z)` ಸೇರಿಸಿದೆವು ಎನ್ನೋಣ. ಎತ್ತರ ಬರೀ 0.03, ಏನೂ ಅಲ್ಲ ಅನ್ನಿಸುತ್ತದೆ. ಮುಖ್ಯವಾದದ್ದು ಎತ್ತರವಲ್ಲ, ಇಳಿಜಾರು. 0.03ನ್ನು 20ರಿಂದ ಗುಣಿಸಿದರೆ 0.6, ಮೂಲ ಆಕಾರದ 1ರ ಜೊತೆ ಕೂಡಿ ಅತಿ ಹೆಚ್ಚೆಂದರೆ 1.6. ಷರತ್ತು ಮುರಿಯಿತು. ಓರೆಯಾಗಿ ನೋಡುವ ಕಡೆಗಳಲ್ಲಿ ಕಿರಣಗಳು ಸಿಪ್ಪೆಯನ್ನು ಹಾರಿ ಒಳನುಗ್ಗುತ್ತವೆ, ಅಂಚು ಇಲಿ ಕಡಿದ ಹಾಗೆ ಹರಿಯುತ್ತದೆ, ನೆರಳಿನಲ್ಲಿ ಬೆಳಕಿನ ಚುಕ್ಕೆಗಳು ಮೂಡುತ್ತವೆ. ಪರಿಹಾರವಾಗಿ ಹೆಜ್ಜೆಯನ್ನು 1.6ರಿಂದ ಭಾಗಿಸಬೇಕು, ಅಂದರೆ 0.625ರಿಂದ ಗುಣಿಸಬೇಕು. ಬಹಳ ಮಂದಿ ಇದನ್ನು `map` ಒಳಗೇ ಮಾಡಿಬಿಡುತ್ತಾರೆ. ಕಣ್ಣಿನ ಕಿರಣಕ್ಕೆ ಅದರಿಂದ ತೊಂದರೆಯಿಲ್ಲ. ಆದರೆ ನೆರಳಿನ ಲೂಪ್ ಕೂಡ ಅದೇ `map` ಕರೆಯುತ್ತದೆ. `h` ಎಲ್ಲೆಡೆ 0.625 ಪಟ್ಟು ಆದರೆ `k`ಯನ್ನು 8ರಿಂದ 5ಕ್ಕೆ ಇಳಿಸಿದಷ್ಟೇ ಆಯಿತು, ಸಿಪ್ಪೆ ಒರಟಾದದ್ದಕ್ಕೆ ಕಿಟಕಿ ದೊಡ್ಡದಾಯಿತು. ಸರಿಯಾದದ್ದು ಹೆಜ್ಜೆಯನ್ನು ಮಾತ್ರ ಕುಗ್ಗಿಸುವುದು, `t += 0.625 * h` ಎಂದು ಬರೆದು, ಅನುಪಾತಕ್ಕೆ ಮೂಲ `h`ವನ್ನೇ ಬಿಡುವುದು. ಆಕಾರವನ್ನು ತಿರುಚುವುದು, ಬಾಗಿಸುವುದು, ಒಂದು ದಿಕ್ಕಿನಲ್ಲಿ ಮಾತ್ರ ಹಿಗ್ಗಿಸುವುದು ಇವೆಲ್ಲಕ್ಕೂ ಇದೇ ಎಚ್ಚರ ಬೇಕು.

ಸುಳ್ಳು ಎಲ್ಲಿದೆ ಎಂದು ಪತ್ತೆಹಚ್ಚಲು ಮುಗಿದ ಚಿತ್ರವನ್ನು ದಿಟ್ಟಿಸುವುದು ಒಳ್ಳೆಯ ದಾರಿಯಲ್ಲ, ಬೆಳಕು ಮತ್ತು ಬಣ್ಣ ತಪ್ಪನ್ನು ಮರೆಮಾಚುತ್ತವೆ. ಮೇಲ್ಮೈಯ ಲಂಬವನ್ನು ಕಂಡುಹಿಡಿಯಲು ಹೇಗೂ ಅಕ್ಕಪಕ್ಕದ ಬಿಂದುಗಳಲ್ಲಿ `map` ಕರೆದು ಇಳಿಜಾರು ಅಳೆಯುತ್ತೇವೆ. ಅದನ್ನು ಉದ್ದ 1ಕ್ಕೆ ತರುವ ಮೊದಲೇ ಅದರ ಉದ್ದವನ್ನು ಬಣ್ಣವಾಗಿ ತೋರಿಸಿದರೆ 1 ಮೀರಿದ ಜಾಗಗಳು ಬೆತ್ತಲಾಗುತ್ತವೆ. ಆಕಾರವನ್ನು ಅಡ್ಡಲಾಗಿ ಕತ್ತರಿಸುವ ಒಂದು ಸಮತಲದ ಮೇಲೆ ದೂರದ ಬೆಲೆಗಳನ್ನು ಗೆರೆಗಳಾಗಿ ಬಿಡಿಸುವುದು ಇನ್ನೂ ಒಳ್ಳೆಯದು. ಪ್ರಾಮಾಣಿಕ ಫೀಲ್ಡ್‌ನಲ್ಲಿ ಗೆರೆಗಳು ಸಮ ಅಂತರದಲ್ಲಿರುತ್ತವೆ. ಬೆಸುಗೆಯ ಬಳಿ ಗೆರೆಗಳ ಅಂತರ ತುಸು ಹಿಗ್ಗಿದ್ದರೆ ಅದು ಕಡಿಮೆ ಹೇಳುವ ಸುಳ್ಳು, ಚಿಂತೆಯಿಲ್ಲ. ಗೆರೆಗಳು ಒತ್ತೊತ್ತಾಗಿ ಮುದುಡಿದ್ದರೆ ಅಲ್ಲಿ ತೂತು ಬೀಳುತ್ತದೆ.

ಇದೆಲ್ಲ ಸರಿ, ಆದರೆ ನೆರಳೇ ಭೌತಶಾಸ್ತ್ರಕ್ಕೆ ಒಪ್ಪುವುದಿಲ್ಲವಲ್ಲ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಕಿರಣ ವಸ್ತುವಿನ ಅಂಚನ್ನು ಸರಿಯಾಗಿ ತಾಗುವಂತೆ ಹೋದಾಗ ಬೆಳಕಿನ ತಟ್ಟೆಯ ಅರ್ಧ ಮುಚ್ಚಿರುತ್ತದೆ, ಅರ್ಧ ಕಾಣುತ್ತಿರುತ್ತದೆ. ನಿಜವಾದ ಉತ್ತರ 50 ಶೇಕಡಾ. ಮೇಲಿನ ಲೂಪ್ ಅಲ್ಲಿ ಸೊನ್ನೆ ಕೊಡುತ್ತದೆ. ಅಂದರೆ ನಮ್ಮ ಅರೆನೆರಳು ಪೂರ್ತಿ ಅಂಚಿನ ಹೊರಗೇ ಬಿದ್ದಿದೆ, ಒಳಗಿನ ಅರ್ಧ ಕಾಣೆಯಾಗಿದೆ, ಗಾಢ ನೆರಳು ಇರಬೇಕಾದ್ದಕ್ಕಿಂತ ದೊಡ್ಡದಾಗಿದೆ. ಆದರೆ ಇದು ಲೂಪ್ ಬರೆದ ಬಗೆಯ ದೋಷ, ಫೀಲ್ಡ್‌ನದಲ್ಲ. ಒಳಗೆ ಹೋದಾಗ ಋಣ ಬೆಲೆ ಕೊಡುವ ಗುಣ ಮೊದಲಿನಿಂದಲೂ ಇತ್ತು, ನಾವು ಅದನ್ನು ಬಳಸಿರಲಿಲ್ಲ ಅಷ್ಟೇ. ತಾಗಿದ ಕೂಡಲೇ ನಿಲ್ಲದೆ ಕಿರಣವನ್ನು ವಸ್ತುವಿನೊಳಕ್ಕೂ ಬಿಟ್ಟು, ಎಷ್ಟು ಆಳ ಹೊಕ್ಕಿತು ಎಂಬುದನ್ನೂ ಅದೇ ಅನುಪಾತದಲ್ಲಿ ಅಳೆಯಬಹುದು. ಲೂಪಿನ ಒಳಗೆ ಹಾಗೂ ಕೊನೆಗೆ ಆಗುವ ಬದಲಾವಣೆ ಇಷ್ಟು:

```glsl
        res = min(res, k * h / t);
        t += clamp(h, 0.005, 0.5);
        if (res < -1.0 || t > 6.0) break;
    }
    res = max(res, -1.0);
    return 0.25 * (1.0 + res) * (1.0 + res) * (2.0 - res);
```

`h < 0.001` ಎಂಬ ಸಾಲು ಹೋಗುತ್ತದೆ. ಒಳಗೆ ದೂರ ಋಣವಾಗುವುದರಿಂದ ಕಿರಣ ಹಿಂದಕ್ಕೆ ನಡೆಯದಂತೆ 0.005ರ ಕನಿಷ್ಠ ಹೆಜ್ಜೆ ಬೇಕಾಗುತ್ತದೆ. ಈಗ ಅಂಚಿನಲ್ಲಿ ಉತ್ತರ ಸರಿಯಾಗಿ ಅರ್ಧ ಬರುತ್ತದೆ, ಎರಡೂ ಕಡೆಗೆ ಬೆಳಕು ನಯವಾಗಿ ಏರಿಳಿಯುತ್ತದೆ. ಶುಂಠಿಯ ನೆರಳಿನಲ್ಲಿ ವ್ಯತ್ಯಾಸ ಎದ್ದು ಕಾಣುವುದು ಮೇಲಿನ ಗೆಣ್ಣಿನ ಕಡೆ. ಮೊದಲಿನ ಲೂಪಿನಲ್ಲಿ ಅದರ ನೆರಳಿನ ನಡುವೆ ಇರಬೇಕಾದ್ದಕ್ಕಿಂತ ದೊಡ್ಡ ಕಪ್ಪು ಬೊಟ್ಟಿತ್ತು, ಈಗ ಅದು ಕುಗ್ಗಿ ಸುತ್ತಲಿನ ಬೂದು ಬಣ್ಣ ಒಳಕ್ಕೂ ಹರಡುತ್ತದೆ.

ಖರ್ಚಿನ ಮಾತೂ ಇದೆ. 1920×1080ರ ಪರದೆಯಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್‌ಗಳಿವೆ. ಒಂದೊಂದಕ್ಕೂ ಕಣ್ಣಿನ ಕಿರಣಕ್ಕೆ 60, ಲಂಬಕ್ಕೆ 4, ನೆರಳಿಗೆ 40ರಂತೆ ಸುಮಾರು ನೂರು ಬಾರಿ `map` ಕರೆದರೆ ಒಂದು ಫ್ರೇಮಿಗೆ 20 ಕೋಟಿ ಕರೆಗಳು, ಸೆಕೆಂಡಿಗೆ 60 ಫ್ರೇಮ್ ಎಂದರೆ 1200 ಕೋಟಿ. ಮೂರು ತುಂಡಿನ ಶುಂಠಿಗೆ ಈಗಿನ ಜಿಪಿಯು ಇದನ್ನು ನಿಭಾಯಿಸುತ್ತದೆ. ಮುನ್ನೂರು ತುಂಡಿನ ತೋಟಕ್ಕೆ ಆಗುವುದಿಲ್ಲ, ಏಕೆಂದರೆ ಪ್ರತಿ ಕರೆಯೂ ಎಲ್ಲ ತುಂಡುಗಳನ್ನೂ ವಿಚಾರಿಸುತ್ತದೆ. ದೊಡ್ಡ ಆಟಗಳನ್ನು ಮಾಡಿದವರು ಈ ಕಾರಣಕ್ಕೇ ಸೂತ್ರವನ್ನು ನೇರವಾಗಿ ಓಡಿಸಲಿಲ್ಲ. ಕ್ಲೇಬುಕ್ ದೂರಗಳನ್ನು ಮೊದಲೇ ಲೆಕ್ಕಹಾಕಿ ಮೂರು ಆಯಾಮದ ಟೆಕ್ಸ್ಚರಿನಲ್ಲಿ ತುಂಬಿಟ್ಟು ಅದರಲ್ಲಿ ಕಿರಣ ನಡೆಸಿತು. ಮೀಡಿಯಾ ಮಾಲಿಕ್ಯೂಲ್ ಕಂಪನಿಯ 2020ರ ಡ್ರೀಮ್ಸ್, ಆಟಗಾರರು ಕೆತ್ತಿದ್ದನ್ನೆಲ್ಲ ಎಸ್‌ಡಿಎಫ್ ಆಗಿ ಕಟ್ಟಿ, ಪರದೆಗೆ ತರುವಾಗ ಅದನ್ನು ಲೆಕ್ಕವಿಲ್ಲದಷ್ಟು ಪುಟ್ಟ ಬಣ್ಣದ ಬೊಟ್ಟುಗಳಾಗಿ ಬದಲಿಸಿತು. ಕೈಯಲ್ಲಿ ಕೆತ್ತುವ ಕಲಾವಿದರಿಗೆ ಸೂತ್ರ ಬರೆಯುವುದು ಒಗ್ಗುವುದಿಲ್ಲ ಎಂಬ ಇನ್ನೊಂದು ಆಕ್ಷೇಪಕ್ಕೂ ಡ್ರೀಮ್ಸ್ ಉತ್ತರವಾಯಿತು. ನೇರ ಸೂತ್ರದ ಶೇಡರ್ ಸಲ್ಲುವುದು ಚಿಕ್ಕ ದೃಶ್ಯಕ್ಕೆ, ಅದರಲ್ಲೂ ಆಕಾರ ಪ್ರತಿ ಫ್ರೇಮಿನಲ್ಲೂ ಬದಲಾಗುವಂಥದ್ದಕ್ಕೆ. ಉಸಿರಾಡುವ, ಮೊಳೆಯುವ, ಒಂದಕ್ಕೊಂದು ಬೆಸೆಯುವ ಮೈಗಳನ್ನು ಮೊದಲೇ ಲೆಕ್ಕಹಾಕಿಟ್ಟುಕೊಳ್ಳಲು ಬರುವುದಿಲ್ಲ. ಅಂಥ ಕಡೆ ಖರ್ಚು ಇಳಿಸುವ ಮೊದಲ ದಾರಿ ಶುಂಠಿಯನ್ನು ಪೂರ್ತಿ ಸುತ್ತುವರಿದ ಒಂದು ಗೋಳ. ಕಿರಣ ಆ ಗೋಳದಿಂದ ಸಾಕಷ್ಟು ದೂರವಿರುವಷ್ಟು ಹೊತ್ತು ಗೋಳದ ದೂರವನ್ನೇ ಉತ್ತರವಾಗಿ ಕೊಟ್ಟರೆ ಸಾಕು. ಅದೂ ಕಡಿಮೆ ಹೇಳುವ ಸುಳ್ಳೇ ಆದ್ದರಿಂದ ಹೆಜ್ಜೆಗೆ ಅಪಾಯವಿಲ್ಲ. ಆದರೆ ನೆರಳಿನ ಅನುಪಾತಕ್ಕೆ ಆ ಸಂಖ್ಯೆಯನ್ನು ಬಳಸಿದರೆ ಶುಂಠಿಯ ಸುತ್ತ ಗೋಳದ್ದೇ ಒಂದು ತೆಳು ನೆರಳು ಬೀಳುತ್ತದೆ, ಹಾಗಾಗಿ ಕಿರಣ ಗೋಳದ ಹತ್ತಿರ ಬರುವ ಮೊದಲೇ ನಿಜವಾದ ದೂರಕ್ಕೆ ಮರಳಬೇಕು.

ಕೊನೆಯ ಆಕ್ಷೇಪ ಈ ಕಾಲದ್ದು. ಈಗ ಗ್ರಾಫಿಕ್ಸ್ ಕಾರ್ಡುಗಳಲ್ಲೇ ತ್ರಿಕೋನಗಳಿಗೆ ಕಿರಣ ಬಿಡುವ ಯಂತ್ರಾಂಶವಿದೆ. ಬೆಳಕಿನ ತಟ್ಟೆಯ ಬೇರೆ ಬೇರೆ ಜಾಗಕ್ಕೆ ಹಲವು ಕಿರಣ ಬಿಟ್ಟು, ಬಂದ ಕಾಳುಕಾಳು ಚಿತ್ರವನ್ನು ಸೋಸಿದರೆ ನಿಜವಾದ ಅರೆನೆರಳೇ ಸಿಗುತ್ತದಲ್ಲ? ಸಿಗುತ್ತದೆ. ಒಂದೇ ಕಿರಣದ ಉಪಾಯ ಎಲ್ಲಿ ಸೋಲುತ್ತದೆ ಎಂಬುದನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಆಯ್ಕೆ ಸುಲಭವಾಗುತ್ತದೆ. ಒಂದು ಗೆಣ್ಣು ಬೆಳಕಿನ ತಟ್ಟೆಯನ್ನು ಒಂದು ಪಕ್ಕದಿಂದ ಮುಚ್ಚಿದೆ, ಅದರ ಅಂಚು ತಟ್ಟೆಯ ನಡುವಿನಿಂದ ಅರ್ಧ ತ್ರಿಜ್ಯ ಆಚೆ ಇದೆ ಎನ್ನೋಣ. ದುಂಡು ತಟ್ಟೆಯ ರೇಖಾಗಣಿತದಂತೆ ಕಾಣುವ ಬೆಳಕು ಸುಮಾರು 80 ಶೇಕಡಾ. `k`ಯಿಂದ ಗುಣಿಸಿದ ಅನುಪಾತ 0.5, ತಿದ್ದಿದ ಲೂಪ್ ಕೊಡುವ ಉತ್ತರ 84. ಇದು ಸಾಕಷ್ಟು ಹತ್ತಿರ. ಈಗ ಇನ್ನೊಂದು ಗೆಣ್ಣು ಎದುರು ಪಕ್ಕದಿಂದಲೂ ಅಷ್ಟೇ ಮುಚ್ಚಿ, ನಡುವೆ ಸೀಳು ಮಾತ್ರ ಉಳಿಯಿತು. ನಿಜವಾದ ಬೆಳಕು ಸುಮಾರು 61ಕ್ಕೆ ಇಳಿಯುತ್ತದೆ. ಲೂಪ್ ಮತ್ತೆ 84 ಎನ್ನುತ್ತದೆ, ಏಕೆಂದರೆ ಅದು ನೆನಪಿಟ್ಟುಕೊಂಡದ್ದು ಅತಿ ಚಿಕ್ಕ ಅಂತರವೊಂದನ್ನೇ. ಅದೇ ಅಂತರದಲ್ಲಿ ಎಷ್ಟು ಅಂಚುಗಳಿವೆ, ಯಾವ ಯಾವ ದಿಕ್ಕಿನಲ್ಲಿವೆ ಎಂದು ಹೇಳಲು ದೂರಕ್ಕೆ ಬರುವುದಿಲ್ಲ. ಒಂಟಿಯಾಗಿ ನಿಂತ ಶುಂಠಿಗೆ ಇಂಥ ಸೀಳು ಅಪರೂಪ, ಅಲ್ಲಿ ಒಂದೇ ಕಿರಣ ಸಾಕು. ಎಲೆಗಳು ಹೆಣೆದುಕೊಂಡ ಬಳ್ಳಿಗೆ, ಬೆತ್ತದ ಬುಟ್ಟಿಗೆ ನೆರಳೆಲ್ಲ ಸೀಳುಗಳಿಂದಲೇ ಆಗಿರುತ್ತದೆ. ಅಂಥ ದೃಶ್ಯದಲ್ಲಿ ಅದೇ `map` ಇಟ್ಟುಕೊಂಡು ತಟ್ಟೆಯ ನಾಲ್ಕು ಕಡೆಗೆ ನಾಲ್ಕು ನೆರಳಿನ ಕಿರಣ ಬಿಟ್ಟು, ಪ್ರತಿಯೊಂದಕ್ಕೂ `k`ಯನ್ನು ಇಮ್ಮಡಿಸಿ, ಸರಾಸರಿ ತೆಗೆಯುವುದು ಮೇಲು. ನೆರಳಿನ ಖರ್ಚು ನಾಲ್ಕು ಪಟ್ಟಾಗುತ್ತದೆ, ಆದರೆ ಪ್ರತಿ ಕಿರಣವೂ ತನ್ನ ಪಾಲಿನ ಅಂಚನ್ನು ನಯವಾಗಿಯೇ ಅಳೆದು ತರುವುದರಿಂದ ಆಮೇಲೆ ಸೋಸಬೇಕಾದ ಕಾಳು ಉಳಿಯುವುದಿಲ್ಲ.